ಏಳನೇ ಅಧ್ಯಾಯ ತೆಗೆಯಬೇಡಿ

ಸಾಗರದ ಶರಾವತಿಯೂ ಮೇಳಿಗೆಯ ಹೂವಯ್ಯ ಮೇಷ್ಟ್ರೂ ಹನ್ನೊಂದು ವರ್ಷ ಜಗಳವಾಡಿದರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಹಾಗೆ ನೋಡಿದರೆ ಜಗಳಕ್ಕೆ ಮುಖ ಯಾಕೆ ಬೇಕು? ಒಂದು ಪೆನ್ನು, ಒಂದಿಷ್ಟು ಸಿಟ್ಟು ಇದ್ದರೆ ಸಾಕು. ಶರಾವತಿಯ ಹತ್ತಿರ ಎರಡೂ ಧಾರಾಳವಾಗಿದ್ದವು.

ಶುರುವಾದದ್ದು ‘ತೊರೆ’ಯಿಂದ. ಅದು ಹೊಸನಗರದ ಮಂಜಯ್ಯ ಎಂಬ ಬ್ಯಾಂಕ್ ಗುಮಾಸ್ತ ಹೊರಡಿಸುತ್ತಿದ್ದ ಕೈಬರಹದ ಪತ್ರಿಕೆ. ಎರಡು ತಿಂಗಳಿಗೊಂದು ಸಂಚಿಕೆ, ಸಂಚಿಕೆಗೆ ಒಂದೇ ಪ್ರತಿ. ಆ ಒಂದು ಪ್ರತಿ ಬಸ್ ಕಂಡಕ್ಟರುಗಳ ಕೈಯಲ್ಲಿ ಸಾಗರಕ್ಕೆ ಬಂದು, ಅಲ್ಲಿಂದ ತೀರ್ಥಹಳ್ಳಿ, ಮೇಳಿಗೆ ಸುತ್ತಿ, ಎಣ್ಣೆ ಕಲೆ, ಕಾಫಿ ಕಲೆ ಹೊತ್ತುಕೊಂಡು ವಾಪಸು ಬರುತ್ತಿತ್ತು. ಕೊನೆಯ ಹನ್ನೆರಡು ಪುಟಗಳನ್ನು ಮಂಜಯ್ಯ ಖಾಲಿ ಬಿಡುತ್ತಿದ್ದ. ಓದಿದವರು ಅಲ್ಲಿ ಅಭಿಪ್ರಾಯ ಬರೆಯಬೇಕು, ಅದು ನಿಯಮ. ಹೆಚ್ಚಿನವರು ‘ಕತೆ ಸೊಗಸಾಗಿದೆ, ಹೀಗೇ ಬರೆಯುತ್ತಿರಿ’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ೧೯೭೨ರ ಒಂದು ಸಂಚಿಕೆಯಲ್ಲಿ ಶರಾವತಿ ಬರೆದದ್ದು ಬೇರೆ. ಹೂವಯ್ಯ ಎಂಬವರ ಕತೆಯಲ್ಲಿ ನಾಯಕಿ ಮೂರು ಸಲ ಕಾಫಿ ಮಾಡುತ್ತಾಳೆ, ಒಂದು ಸಲವೂ ಯೋಚನೆ ಮಾಡುವುದಿಲ್ಲ, ಆ ಕೆಲಸಕ್ಕೆ ಒಂದು ಒಲೆ ಸಾಕಿತ್ತು ಎಂದು.

ಮೇಷ್ಟ್ರು ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಉರಿದರು. ಇವಳು ಮೂರು ಪುಟ ಬರೆದಳು. ಮಂಜಯ್ಯ ಕೈ ಮುಗಿದು, ನೀವಿಬ್ಬರೂ ಅಂಚೆಯಲ್ಲಿ ಹೊಡೆದಾಡಿ, ಬೇರೆಯವರಿಗೂ ಸ್ವಲ್ಪ ಜಾಗ ಇರಲಿ ಎಂದು ವಿಳಾಸ ಕೊಟ್ಟುಬಿಟ್ಟ. ಅಂದಿನಿಂದ ನೀಲಿ ಇನ್‌ಲ್ಯಾಂಡ್ ಕಾಗದಗಳು ಹೋಗಿ ಬರತೊಡಗಿದವು. ಮೇಷ್ಟ್ರು ಬರೆದ ಪ್ರತಿ ಕತೆಯೂ ಮೊದಲು ಸಾಗರಕ್ಕೆ ಬರುತ್ತಿತ್ತು. ಇವಳು ಕೆಂಪು ಪೆನ್ಸಿಲಿನಲ್ಲಿ ಗೀಚಿ ಕಳಿಸುತ್ತಿದ್ದಳು. ಅವರು ‘ನಿಮ್ಮ ತಲೆ’ ಎಂದೇ ಶುರು ಮಾಡುತ್ತಿದ್ದರು. ಅಂಥ ಕಾಗದ ಬಂದ ದಿನ ಶರಾವತಿಗೆ ಹಬ್ಬ.

ಒಂದು ಸಂಗತಿಯನ್ನು ಮಾತ್ರ ಅವಳು ಬರೆದಿರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಮಿದುಳು ಜ್ವರ ಬಂದು ಅವಳ ಎರಡೂ ಕಿವಿ ಹೋಗಿದ್ದವು. ಈಗ ಅವಳಿಗೆ ನಲವತ್ತೆರಡು. ಅಣ್ಣ ವಾಸಪ್ಪನ ಮನೆಯಲ್ಲಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಮಾತು ಬರುತ್ತಿತ್ತು, ಆದರೆ ತನ್ನ ದನಿ ತನಗೇ ಗೊತ್ತಿಲ್ಲದವಳ ಮಾತು ಅದು. ಹೊಸಬರು ಕೇಳಿದರೆ ಹುಬ್ಬು ಗಂಟಿಕ್ಕುತ್ತಿದ್ದರು. ಆ ಗಂಟು ನೋಡಿ ನೋಡಿ ಅವಳು ಹೊರಗಿನವರ ಮುಂದೆ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದ್ದಳು.

ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾದರೆ ಬೈದು ಹಗುರಾಗಬಹುದಿತ್ತು. ಊಟಕ್ಕೆ ಕೂತಾಗ ಎಲ್ಲರ ಬಾಯಿ ಆಡುತ್ತದೆ, ಇದ್ದಕ್ಕಿದ್ದಂತೆ ಎಲ್ಲರೂ ನಗುತ್ತಾರೆ, ಅಣ್ಣನಿಗಂತೂ ನೆತ್ತಿಗೆ ಹತ್ತುತ್ತದೆ. ಇವಳು ಎಂತ ಎಂದು ಕೇಳಿದರೆ ಅತ್ತಿಗೆ ಸರೋಜ ಪ್ರೀತಿಯಿಂದಲೇ ಇವಳ ಕಡೆ ತಿರುಗಿ, “ಎಂತದೂ ಇಲ್ಲ ಮಾರಾಯ್ತಿ, ಆಮೇಲೆ ಹೇಳ್ತೀನಿ” ಎನ್ನುತ್ತಾಳೆ. ಆ ‘ಆಮೇಲೆ’ ಮೂವತ್ಮೂರು ವರ್ಷದಲ್ಲಿ ಬಂದದ್ದು ಕಡಿಮೆ. ಎಂಟು ಜನ ಕೂತ ಪಂಕ್ತಿಯಲ್ಲಿ ಶರಾವತಿ ಒಬ್ಬಳೇ ಉಣ್ಣುತ್ತಿದ್ದಳು.

ಕಾಗದದಲ್ಲಿ ಹಾಗಲ್ಲ. ಅಲ್ಲಿ ಅವಳು ಯಾರಿಗೂ ಕಡಿಮೆಯಿಲ್ಲದ ಜಗಳಗಂಟಿ. ಯಾರೂ ಅವಳಿಗೆ ‘ಆಮೇಲೆ’ ಎನ್ನುತ್ತಿರಲಿಲ್ಲ. ಇಡೀ ಲೋಕದಲ್ಲಿ ಅವಳಿಗೆ ಅಂಥ ಜಾಗ ಇದ್ದದ್ದು ಅದೊಂದೇ. ಅದಕ್ಕೇ ಹೇಳಿರಲಿಲ್ಲ.

೧೯೮೩ರ ಜನವರಿಯಲ್ಲಿ ಮೇಷ್ಟ್ರ ಮೊದಲ ಕಾದಂಬರಿಯ ಹಸ್ತಪ್ರತಿ ಬಂತು. ಹೆಸರು ‘ಮಾತಿಲ್ಲದ ಹಣತೆ’. ಏಪ್ರಿಲ್‌ನಲ್ಲಿ ಅಚ್ಚಿಗೆ ಹೋಗುತ್ತದೆ, ಬೇಗ ಓದಿ, ಬೇಕಾದಷ್ಟು ಬೈಯಿರಿ ಎಂದು ಮೇಲೊಂದು ಚೀಟಿ. ಶರಾವತಿ ಮಿಷನ್‌ಗೆ ಬಟ್ಟೆ ಮುಚ್ಚಿ ಓದಲು ಕೂತಳು. ಎರಡನೇ ಪುಟದಲ್ಲೇ ನಿಂತು, ಒಂದು ಸಾಲನ್ನು ಮತ್ತೆ ಓದಿದಳು. ಕಾದಂಬರಿಯ ನಾಯಕಿ ಗಿರಿಜೆಗೆ ಕಿವಿ ಕೇಳಿಸುವುದಿಲ್ಲ.

ಅಯ್ಯೋ, ಎಂಥ ಗಿರಿಜೆ ಅವಳು! ನಾಯಕ ಹೊಳೆಯ ಆಚೆ ದಡದಲ್ಲಿ, ಬೆಳದಿಂಗಳಲ್ಲಿ, ಎಲೆಅಡಿಕೆ ಜಗಿಯುತ್ತ ನಿಂತು ಆಡಿದ ಮಾತನ್ನು ಈಚೆ ದಡದಿಂದ ತುಟಿ ನೋಡಿಯೇ ತಿಳಿಯುತ್ತಾಳೆ. ಯಾರ ಮೇಲೂ ಸಿಟ್ಟಿಲ್ಲ, ಆಸೆಯಿಲ್ಲ, ಹೊಟ್ಟೆಕಿಚ್ಚಿಲ್ಲ. ಮಲ್ಲಿಗೆ ಬಳ್ಳಿಯ ಹತ್ತಿರ ನಿಂತು ಕಣ್ಣಿನಲ್ಲೇ ಎಲ್ಲವನ್ನೂ ಹೇಳುತ್ತಾಳೆ. ಕುಡುಕ ನಾಯಕ ಅವಳ ತಾಳ್ಮೆ ನೋಡಿ ನೋಡಿ ಸರಿಹೋಗುತ್ತಾನೆ. ಅವನು ಸರಿಹೋದ ಮೇಲೆ ಅವಳಿಗೆ ಕೆಲಸ ಉಳಿಯಲಿಲ್ಲವಲ್ಲ, ಇನ್ನೂರ ನಾಲ್ಕನೇ ಪುಟದಲ್ಲಿ ದೇವಿಯ ಕೃಪೆಯಿಂದ ಕಿವಿ ಬರುತ್ತದೆ, ಅವನು ‘ಗಿರಿಜಾ’ ಎಂದದ್ದು ಕೇಳಿಸುತ್ತದೆ, ಇನ್ನೂರ ಐದನೇ ಪುಟದಲ್ಲಿ ಸಾಯುತ್ತಾಳೆ.

ಶರಾವತಿ ಆ ಕಟ್ಟನ್ನು ಮಂಚದ ಮೇಲೆ ಒಗೆದಳು. ಹನ್ನೊಂದು ವರ್ಷ ತನ್ನೊಂದಿಗೆ ಕುಸ್ತಿ ಮಾಡಿದ ಮನುಷ್ಯ ತನ್ನಂಥವಳ ಬಗ್ಗೆ ಬರೆಯಹೊರಟಾಗ ಇಷ್ಟೇ ಹುಟ್ಟಿತೇ ಎಂದು ರೇಗಿದಳು. ಸಿಟ್ಟಿಗಿಂತ ಹೆಚ್ಚಾಗಿ ನೋವಾಯಿತು, ಸುಳ್ಳು ಯಾಕೆ ಹೇಳಬೇಕು. ತಾನೂ ಕಿವುಡಿ ಎಂದು ಬರೆದರೆ ಮೇಷ್ಟ್ರ ಬಾಯಿ ಒಂದೇ ಏಟಿಗೆ ಮುಚ್ಚುತ್ತದೆ. ಆದರೆ ಆಮೇಲೆ ಆ ಕಾಗದಗಳಲ್ಲಿ ಬರುವುದು ಯಾರು, ಶರಾವತಿಯೋ ಗಿರಿಜೆಯೋ? ಅವಳು ಬರೀ ಓದುಗರಲ್ಲೊಬ್ಬಳಾಗಿಯೇ ಬರೆಯುವುದೆಂದು ನಿಶ್ಚಯಿಸಿದಳು. ಬರಹ ಸೋತದ್ದು ಬರಹದಲ್ಲೇ ಕಾಣಬೇಕು, ಅದಕ್ಕೆ ತನ್ನ ಕಿವಿಯ ಸರ್ಟಿಫಿಕೇಟು ಯಾಕೆ?

ನಾಲ್ಕು ದಿನ ತೆಗೆದುಕೊಂಡು ಇಡೀ ಹಸ್ತಪ್ರತಿಯನ್ನು ಎರಡನೇ ಸಲ ಓದಿದಳು. ಸಿಟ್ಟಿನಲ್ಲಿ ಓದಿದ್ದನ್ನು ನಂಬಬಾರದು ಎಂಬುದು ಅವಳ ಹಳೆಯ ನಿಯಮ. ಎರಡನೇ ಓದಿನಲ್ಲಿ ಏಳನೇ ಅಧ್ಯಾಯ ಸಿಕ್ಕಿತು. ಅಲ್ಲಿ ಗಿರಿಜೆ ಅಡಿಗೆಮನೆಯಲ್ಲಿ ಒಬ್ಬಳೇ ಇದ್ದಾಳೆ. ಕಪಾಟಿನ ಮೇಲಿನ ಪಾತ್ರೆಯ ಮುಚ್ಚಳ ಸಣ್ಣಗೆ ನಡುಗುವುದನ್ನು ನೋಡಿ, ಅಂಗೈಯನ್ನು ಗೋಡೆಗೆ ಒತ್ತಿ, ಲಾರಿ ಬಂತು ಎಂದು ತಿಳಿದು, ಗಂಡಸರು ಬರುವ ಮೊದಲು ಉಳಿದ ಒಂದು ಹೋಳಿಗೆಯನ್ನು ಗಬಕ್ಕನೆ ಬಾಯಿಗೆ ಹಾಕಿಕೊಳ್ಳುತ್ತಾಳೆ. ಒಂದೂವರೆ ಪುಟ, ಅಷ್ಟೇ. ಅದನ್ನು ಓದಿ ಶರಾವತಿ ಒಬ್ಬಳೇ ನಕ್ಕಳು.

ಕಾಗದವನ್ನು ಅಲ್ಲಿಂದಲೇ ಶುರು ಮಾಡಿದಳು. ನಿಮ್ಮ ಗಿರಿಜೆ ಇಡೀ ಪುಸ್ತಕದಲ್ಲಿ ಬದುಕಿರುವುದು ಏಳನೇ ಅಧ್ಯಾಯದಲ್ಲಿ ಮಾತ್ರ, ಯಾಕೆಂದರೆ ಅಲ್ಲಿ ಅವಳಿಗೆ ಹಸಿವಿದೆ, ಕಳ್ಳತನವಿದೆ, ಲೋಕವನ್ನು ತಿಳಿಯಲು ಅವಳದೇ ದಾರಿಯಿದೆ ಎಂದಳು. ಆಮೇಲೆ ಪುಟ ಹಿಡಿದು ಹಿಡಿದು ಬರೆದಳು. ನಲವತ್ತೊಂದನೇ ಪುಟದಲ್ಲಿ ಗಿರಿಜೆ ಒಬ್ಬಳೇ ಕೂತಿದ್ದಾಳೆ, ಕತೆ ಅವಳ ಮನಸ್ಸಿನೊಳಗಿದೆ, ಆದರೂ ಹೊಳೆ ಜುಳುಜುಳು ಎನ್ನುತ್ತದೆ. ಯಾರಿಗೆ ಎನ್ನುತ್ತದೆ? ಅವಳ ಮನಸ್ಸಿನೊಳಗೆ ಹೋದ ಮೇಲೆ ನಿಮ್ಮ ಕಿವಿಯನ್ನು ಹೊಸಿಲಾಚೆ ಬಿಡಬೇಕು. ತುಟಿ ಓದುವುದು ದೇವರ ವರವಲ್ಲ. ಬಾವ ಎಂದರೂ ಮಾವ ಎಂದರೂ ತುಟಿಗೆ ಒಂದೇ, ಉಳಿದದ್ದು ಊಹೆ. ಬೆಳಕು ಆಡುವವನ ಮುಖದ ಮೇಲಿರಬೇಕು, ಹತ್ತಿರ ಇರಬೇಕು. ಎಲೆಅಡಿಕೆ ತುಂಬಿದ ಬಾಯನ್ನಂತೂ ಬ್ರಹ್ಮನೂ ಓದಲಾರ. ನಮ್ಮ ಸೀಮೆಯ ಗಂಡಸರಲ್ಲಿ ಎಲೆಅಡಿಕೆ ಇಲ್ಲದ ಬಾಯಿ ಎಲ್ಲಿದೆ, ನೀವೂ ಜಗಿಯುತ್ತಲೇ ಬರೆದಿರಬೇಕು.

ಪಾತ್ರಗಳು ಅವಳನ್ನು ‘ಕೆಪ್ಪಿ’ ಎನ್ನುವುದಕ್ಕೆ ತನ್ನ ತಕರಾರಿಲ್ಲ, ಊರಿನವರು ಹಾಗೇ ಅನ್ನುತ್ತಾರೆ, ಅದನ್ನು ಒರೆಸಿದರೆ ಊರಿಗೆ ಸುಣ್ಣ ಬಳಿದ ಹಾಗೆ ಎಂದು ಬರೆದಳು. ಆದರೆ ಕತೆ ಹೇಳುವ ನೀವೇ ಹದಿನೇಳು ಕಡೆ ‘ಪಾಪದ ಹುಡುಗಿ’ ಎಂದಿದ್ದೀರಿ, ‘ಕೆಪ್ಪಿ’ಗಿಂತ ಅದು ಹೆಚ್ಚು ಕೆಟ್ಟದ್ದು. ಒಂದು ಪರೀಕ್ಷೆ ಮಾಡಿ ನೋಡಿ: ಗಿರಿಜೆಯಿಂದ ಕಿವುಡನ್ನು ತೆಗೆದುಬಿಡಿ. ಆಮೇಲೆ ಅವಳಲ್ಲಿ ಏನು ಉಳಿಯುತ್ತದೆ? ಏನೂ ಉಳಿಯದಿದ್ದರೆ ನೀವು ಬರೆದದ್ದು ಮನುಷ್ಯಳನ್ನಲ್ಲ, ನಾಯಕ ಮುಖ ನೋಡಿಕೊಳ್ಳುವ ಕನ್ನಡಿಯನ್ನು. ಕತೆ ಬರೆಯುವವರು ಕೊನೆಗೆ ಇಂಥವಳನ್ನು ವಾಸಿ ಮಾಡುತ್ತಾರೆ ಇಲ್ಲವೇ ಕೊಲ್ಲುತ್ತಾರೆ, ನೀವಂತೂ ಎರಡನ್ನೂ ಮಾಡಿದ್ದೀರಿ. ಕಿವುಡಿಯಾಗಿಯೇ ಮುದುಕಿಯಾಗುವಷ್ಟು ಜಾಗ ಅವಳಿಗೆ ನಿಮ್ಮ ಪುಸ್ತಕದಲ್ಲಿ ಇಲ್ಲವೇ?

ಹತ್ತು ದಿನಕ್ಕೆ ಉತ್ತರ ಬಂತು. ‘ನಿಮ್ಮ ತಲೆ’ ಎಂದೇ ಶುರುವಾಗಿತ್ತು. ಜುಳುಜುಳು ತಪ್ಪೆಂದು ಒಪ್ಪಿದ್ದರು, ಎಲೆಅಡಿಕೆಗೆ ನಕ್ಕಿದ್ದರು, ಉಳಿದದ್ದಕ್ಕೆ ಜಗ್ಗಿರಲಿಲ್ಲ. ಇಂಥವರು ಸ್ವಭಾವತಃ ನಿರ್ಮಲ ಮನಸ್ಸಿನವರು, ಸಿಟ್ಟು ಮಾಡುವ ಕಿವುಡಿಯನ್ನು ಓದುಗರು ಒಪ್ಪುವುದಿಲ್ಲ, ನಮ್ಮ ಶಾಲೆಯ ಹತ್ತಿರ ಒಬ್ಬಳನ್ನು ನಾನೇ ಕಂಡಿದ್ದೇನೆ, ಸದಾ ನಗುತ್ತಿರುತ್ತಾಳೆ ಎಂದಿದ್ದರು. ಕಡೆಯಲ್ಲಿ ಹೀಗಿತ್ತು: ‘ಎಲ್ಲಾ ಬಲ್ಲವರಂತೆ ಬರೆದಿದ್ದೀರಿ. ಕಿವಿ ಕೇಳದವರ ಜೊತೆ ಒಂದು ದಿನವಾದರೂ ಬಾಳಿದ್ದೀರಾ?’

ಶರಾವತಿಗೆ ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಸರೋಜ ಬಾಗಿಲಿಗೆ ಬಂದು ಎಂತ ಎಂದು ಕೇಳುವಷ್ಟು. ಎಂತದೂ ಇಲ್ಲ ಎಂದು ಇವಳೇ ಹೇಳಿದಳು. ಆಮೇಲೆ ಆ ಸದಾ ನಗುವ ಹುಡುಗಿಯ ಬಗ್ಗೆ ಯೋಚಿಸಿದಳು. ಅವಳು ಯಾಕೆ ನಗುತ್ತಾಳೆಂದು ಇವಳಿಗೆ ಗೊತ್ತಿತ್ತು. ಎದುರಿನವರು ಏನೆಂದರೆಂದು ತಿಳಿಯದಾಗ ನಗುವುದೇ ಕ್ಷೇಮ. ತಾನೂ ಮೂವತ್ಮೂರು ವರ್ಷ ಹಾಗೆಯೇ ನಕ್ಕವಳು. ಈ ಪುಸ್ತಕ ಹೀಗೇ ಅಚ್ಚಾದರೆ, ಅದನ್ನು ಓದಿದವರೆಲ್ಲ ಆ ಹುಡುಗಿಯ ನಗುವನ್ನು ನಿರ್ಮಲ ಮನಸ್ಸೆಂದೇ ತಿಳಿದು, ಇನ್ನೂ ಕಡಿಮೆ ಮಾತಾಡಿಸುತ್ತಾರೆ.

ಆ ವಾರವೆಲ್ಲ ಅವಳು ನಿದ್ದೆಗೆಟ್ಟಳು. ಒಂದು ಕಡೆ ತನ್ನ ಒಂದೇ ಒಂದು ಜಾಗ, ಇನ್ನೊಂದು ಕಡೆ ಮೇಳಿಗೆಯ ಆ ಗುರುತಿಲ್ಲದ ಹುಡುಗಿ. ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದು ಬರೆದಳು.

‘ಬಾಳಿದ್ದೇನೆ, ಮೇಷ್ಟ್ರೇ. ಒಂಬತ್ತನೇ ವಯಸ್ಸಿನಿಂದ ನನಗೆ ಕಿವಿ ಕೇಳುವುದಿಲ್ಲ. ಇದನ್ನು ಈಗ ಹೇಳುತ್ತಿರುವುದು ನೀವು ಕೇಳಿದ್ದರಿಂದ. ನನ್ನ ಮೊದಲಿನ ಕಾಗದದಲ್ಲಿ ಬರೆದದ್ದು ಈ ಸಂಗತಿ ಇಲ್ಲದೆಯೂ ನಿಜವೇ. ನಾನು ಕಿವುಡಿಯೆಂದು ಅದನ್ನು ಒಪ್ಪಬೇಡಿ, ಸರಿಯಿದೆ ಎನ್ನಿಸಿದರೆ ಒಪ್ಪಿ. ನಾನು ಒಬ್ಬಳು ಮಾತ್ರ. ಹುಟ್ಟಾ ಕೇಳದವರು, ಕೈಸನ್ನೆಯಲ್ಲೇ ಎಲ್ಲ ಆಡುವವರು ನಿಟ್ಟೂರಿನಲ್ಲಿ ಒಬ್ಬರಿದ್ದಾರೆ, ಅವರ ಬಾಳು ಬೇರೆ. ಆ ನಗುವ ಹುಡುಗಿಯನ್ನು ಒಂದು ದಿನ ಕೂರಿಸಿಕೊಂಡು, ಅವಳಿಗೆ ಬರುವ ರೀತಿಯಲ್ಲಿ ಮಾತಾಡಿಸಿ. ನಗು ನಿಂತ ಮೇಲೆ ಏನಿದೆ ಎಂದು ನೋಡಿ, ಆಮೇಲೆ ಗಿರಿಜೆಯನ್ನು ಬರೆಯಿರಿ.’

ಜೊತೆಗೆ ಊಟದ ಪಂಕ್ತಿಯ ವಿಷಯವನ್ನೂ ಬರೆದಳು. ಕಿವುಡೆಂದರೆ ನಿಶ್ಶಬ್ದ ಎಂದು ನೀವು ಪುಟಗಟ್ಟಲೆ ಬರೆದಿದ್ದೀರಿ, ನಿಶ್ಶಬ್ದ ಒಂದು ವರ್ಷದಲ್ಲಿ ಅಭ್ಯಾಸವಾಗುತ್ತದೆ. ಅಭ್ಯಾಸವಾಗದೆ ಉಳಿಯುವುದು ಎಲ್ಲರೂ ನಕ್ಕು ಮುಗಿಸಿದ ಮೇಲೆ ಕೇಳಬೇಕೋ ಬೇಡವೋ ಎಂದು ಯೋಚಿಸುವ ಆ ಗಳಿಗೆ. ಅದನ್ನು ಅವಳು ಹಿಂದೆ ಯಾರಿಗೂ ಹೇಳಿರಲಿಲ್ಲ.

ಉತ್ತರ ಮೂರೇ ದಿನಕ್ಕೆ ಬಂತು. ಮೇಷ್ಟ್ರ ಅಕ್ಷರ ಸಾಸಿವೆಯಷ್ಟು, ಇನ್‌ಲ್ಯಾಂಡಿನ ಮಡಿಕೆಯಲ್ಲೂ ತುಂಬಿ ತುಳುಕುವಂಥದ್ದು. ಈ ಕಾಗದದ ಅಕ್ಷರ ಒಂದನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದಷ್ಟು ದಪ್ಪ. ಕಿವಿ ಹೋದವಳಿಗೆ ಕಣ್ಣೂ ಮಂದವೆಂದುಕೊಂಡರೋ ಏನೋ. ‘ಪೂಜ್ಯ ಸೋದರಿ’ ಎಂದು ಶುರುವಾಗಿತ್ತು. ನನ್ನನ್ನು ಕ್ಷಮಿಸಿ ಎಂದು ನಾಲ್ಕು ಕಡೆ ಇತ್ತು. ನಿಮ್ಮ ಎಲ್ಲಾ ಮಾತೂ ಸತ್ಯ, ನೀವು ಹೇಳಿದ ಹಾಗೆಯೇ ಎಲ್ಲವನ್ನೂ ಬದಲಿಸುತ್ತೇನೆ, ನಿಮ್ಮ ಮನಸ್ಸಿಗೆ ನೋವಾಗುವ ಒಂದಕ್ಷರವನ್ನೂ ಇನ್ನು ಬರೆಯುವುದಿಲ್ಲ ಎಂದಿತ್ತು. ಇಡೀ ಕಾಗದದಲ್ಲಿ ಒಂದೇ ಒಂದು ಜಗಳವಿರಲಿಲ್ಲ.

ಶರಾವತಿ ಅದನ್ನು ಹಿಂದೆ ಮುಂದೆ ತಿರುವಿ ‘ನಿಮ್ಮ ತಲೆ’ಯನ್ನು ಹುಡುಕಿದಳು. ಗೆದ್ದದ್ದು ಹೌದು. ಗೆದ್ದದ್ದಕ್ಕೆ ಇಷ್ಟು ಬಿಕೋ ಎನ್ನಿಸಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಇರಲಿ, ಗಾಬರಿಯಲ್ಲಿ ಬರೆದಿದ್ದಾರೆ, ಸರಿಹೋಗುತ್ತಾರೆ ಎಂದು ಸಮಾಧಾನ ಹೇಳಿಕೊಂಡಳು. ಎರಡು ಮೂರು ಕಾಗದಗಳಲ್ಲಿ ಬೇಕೆಂದೇ ಕೆಣಕಿದಳು. ಮೂರನೇ ಅಧ್ಯಾಯದ ವರ್ಣನೆ ಹಳಸಲು ಎಂದಳು, ಆಗಲಿ ಸೋದರಿ ಎಂದರು. ನಾಯಕನ ಹೆಸರು ಚೆನ್ನಾಗಿಲ್ಲ ಎಂದಳು, ನೀವೇ ಒಂದು ಹೆಸರು ದಯಪಾಲಿಸಿ ಎಂದರು. ಅವಳಿಗೆ ತಡೆಯಲಾಗಲಿಲ್ಲ. ಈ ಮನುಷ್ಯ ಇನ್ನೂ ತನ್ನನ್ನು ಎದುರಾಳಿಯೆಂದು ಕಾಣುತ್ತಾರೋ ಇಲ್ಲವೋ ಒಂದು ಸಲ ನೋಡಿಯೇ ಬಿಡೋಣ ಎಂದು, ಇದ್ದದ್ದರಲ್ಲೇ ಹುಚ್ಚು ಮಾತೊಂದನ್ನು ಬರೆದಳು: ಏಳನೇ ಅಧ್ಯಾಯ ಬೇಡ, ಪೂರ್ತಿ ತೆಗೆದುಬಿಡಿ, ಹೋಳಿಗೆ ಕದಿಯುವುದು ಕಿವುಡರಿಗೆ ಅವಮಾನ. ಇದಕ್ಕಾದರೂ ರೇಗುತ್ತಾರೆ, ನೀವೇ ಹೊಗಳಿದ್ದಿರಲ್ಲ, ನಿಮ್ಮ ತಲೆ ಎನ್ನುತ್ತಾರೆ ಎಂದುಕೊಂಡಿದ್ದಳು.

ಕಾರ್ಡು ಬಂತು. ಅದೇ ದಪ್ಪ ಅಕ್ಷರ. ‘ನಿಮ್ಮ ಇಚ್ಛೆಯಂತೆ ಏಳನೇ ಅಧ್ಯಾಯವನ್ನು ತೆಗೆದಿದ್ದೇನೆ. ಹಸ್ತಪ್ರತಿ ನಾಳೆ ಪ್ರೆಸ್ಸಿಗೆ ಹೋಗುತ್ತದೆ.’

ಶರಾವತಿ ಚಪ್ಪಲಿ ಮೆಟ್ಟಿದ್ದೂ ಇಲ್ಲ, ಪೋಸ್ಟಾಫೀಸಿಗೆ ಓಡಿದಳು. ಕಾರ್ಡಿನ ತಾರೀಖು ನೋಡಿದರೆ ‘ನಾಳೆ’ ಎಂಬುದು ನಿನ್ನೆಯೇ ಆಗಿಹೋಗಿತ್ತು. ಟೆಲಿಗ್ರಾಂ ಕಿಟಕಿಯ ಗುಮಾಸ್ತ ತಲೆ ತಗ್ಗಿಸಿಕೊಂಡೇ ಏನೋ ಕೇಳುತ್ತಿದ್ದ, ಅವನ ನೆತ್ತಿ ಮಾತ್ರ ಇವಳಿಗೆ ಕಾಣುತ್ತಿತ್ತು. ಇವಳು ಕಟಕಟೆಗೆ ಕೈ ಬಡಿದಳು. ಅವನು ತಲೆ ಎತ್ತಿದ. ಹೊರಗಿನವರ ಮುಂದೆ ಬಾಯಿ ಬಿಡದವಳು ಎಲ್ಲರ ಮುಂದೆ ಗಟ್ಟಿಯಾಗಿ, “ನಂಗೆ ಕಿವಿ ಕೇಳಲ್ಲ, ನನ್ನ ಮುಖ ನೋಡಿ ಮಾತಾಡಿ” ಎಂದಳು. ಸಾಲಿನಲ್ಲಿದ್ದವರು ತಿರುಗಿ ನೋಡಿದರು, ಹುಬ್ಬುಗಳು ಗಂಟಾದವು, ಅವಳಿಗೆ ಅದನ್ನು ಲೆಕ್ಕಕ್ಕೆ ಇಡಲು ಪುರಸೊತ್ತಿರಲಿಲ್ಲ. ಫಾರಂ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಬರೆದಳು: ಏಳನೇ ಅಧ್ಯಾಯ ತೆಗೆಯಬೇಡಿ. ನಾನು ಬರೆದದ್ದು ತಪ್ಪು. ಅದೇ ಜೀವ.

ಅದಕ್ಕೆ ಉತ್ತರ ಬರಲಿಲ್ಲ. ಪ್ರೆಸ್ಸಿನ ಓಡಾಟವಿರಬೇಕು ಎಂದುಕೊಂಡಳು. ಆ ಬೇಸಿಗೆ, ಆ ಮಳೆಗಾಲ, ಪೋಸ್ಟ್‌ಮ್ಯಾನ್ ಅಣ್ಣನ ಅಂಗಡಿಯ ಕಾಗದಗಳನ್ನು ಮಾತ್ರ ತಂದು ಕೊಟ್ಟು ಹೋಗುತ್ತಿದ್ದ. ಹುಚ್ಚು ಪರೀಕ್ಷೆ ಮಾಡಹೋಗಿ ಒಬ್ಬರ ಪುಸ್ತಕದಿಂದ ಜೀವವನ್ನೇ ಕಿತ್ತೆನಲ್ಲ ಎಂದು ಶರಾವತಿ ತನ್ನನ್ನೇ ಬೈದುಕೊಂಡು ರವಿಕೆ ಹೊಲಿದಳು.

ದೀಪಾವಳಿ ಕಳೆದ ವಾರ ಪುಸ್ತಕ ಬಂತು. ಹೆಸರು ‘ಗಿರಿಜೆ’ ಎಂದಷ್ಟೇ ಆಗಿತ್ತು. ಅವಳು ನೇರವಾಗಿ ಏಳನೇ ಅಧ್ಯಾಯಕ್ಕೆ ಹೋದಳು. ಮುಚ್ಚಳವಿತ್ತು, ಲಾರಿಯಿತ್ತು, ಹೋಳಿಗೆಯಿತ್ತು. ಟೆಲಿಗ್ರಾಂ ಮುಟ್ಟಿತ್ತು, ಅಬ್ಬಾ ಎಂದು ಉಸಿರು ಬಿಟ್ಟು ಮೊದಲಿನಿಂದ ಓದಿದಳು. ಎಂಥ ಪುಸ್ತಕವಾಗಿತ್ತು ಅದು! ಗಿರಿಜೆ ರೇಗುತ್ತಾಳೆ, ನಾದಿನಿಯ ಸೀರೆಗೆ ಆಸೆಪಡುತ್ತಾಳೆ, ತಪ್ಪು ಊಹಿಸಿ ಒಬ್ಬ ಒಳ್ಳೆಯವನನ್ನು ಬೈದು, ತಪ್ಪೆಂದು ಗೊತ್ತಾದ ಮೇಲೂ ಒಪ್ಪಿಕೊಳ್ಳುವುದಿಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಎಲ್ಲರೂ ನಗುವಾಗ ತಾನೂ ನಗುತ್ತಾಳೆ, ಆ ನಗುವಿನ ಕೆಳಗಿನದನ್ನು ಮೇಷ್ಟ್ರು ಬರೆದಿದ್ದರು. ಅದು ಶರಾವತಿ ಹೇಳಿದ್ದಕ್ಕಿಂತ ಹೆಚ್ಚಿತ್ತು, ಆ ಶಾಲೆಯ ಹತ್ತಿರದ ಹುಡುಗಿಯನ್ನು ನಿಜವಾಗಿಯೂ ಮಾತಾಡಿಸಿದ್ದರು. ಕೊನೆಯ ಪುಟದಲ್ಲಿ ಗಿರಿಜೆಗೆ ಐವತ್ತು ವರ್ಷ, ಕಿವಿ ಬಂದಿಲ್ಲ, ಎಮ್ಮೆಯನ್ನು ಬೈಯುತ್ತಿದ್ದಾಳೆ. ಶರಾವತಿ ಅತ್ತಳು, ಸಂತೋಷಕ್ಕೇ ಅತ್ತಳು. ತನ್ನನ್ನು ಬಲ್ಲ ಮನುಷ್ಯ ಅಲ್ಲಿ ಮೇಳಿಗೆಯಲ್ಲಿ ಒಬ್ಬರಿದ್ದಾರೆ ಎಂದುಕೊಂಡಳು.

ಆಮೇಲೆ, ಪ್ರೆಸ್ಸಿನ ಹೆಸರು ನೋಡೋಣವೆಂದು ಮುಂದಿನ ಹಾಳೆಗಳನ್ನು ತಿರುವಿದಳು. ಅರ್ಪಣೆಯ ಪುಟ ಅಲ್ಲಿತ್ತು.

‘ನಿಶ್ಶಬ್ದ ಲೋಕದಲ್ಲಿ ಮೌನವಾಗಿ ಬೆಳಗುತ್ತಿರುವ, ನೋವನ್ನೆಲ್ಲ ನಗುತ್ತಲೇ ನುಂಗಿದ ನಿರ್ಮಲೆ, ಸಾಗರದ ಸೋದರಿ ಶರಾವತಿಯ ಪಾದಗಳಿಗೆ.’

ಎರಡು ಸಲ ಓದಿದಳು. ಪುಸ್ತಕದೊಳಗೆ ಗಿರಿಜೆಯನ್ನು ಸೆರೆಯಿಂದ ಬಿಡಿಸಿ, ಅವಳ ಜಾಗದಲ್ಲಿ ತನ್ನನ್ನು ಕೂಡಿ ಹಾಕಿದ್ದರು. ಇದನ್ನು ಮಂಜಯ್ಯ ಓದುತ್ತಾನೆ, ‘ತೊರೆ’ಯ ಖಾಲಿ ಪುಟಗಳಲ್ಲಿ ಬರೆಯುವವರೆಲ್ಲ ಓದುತ್ತಾರೆ. ಇನ್ನು ಅವಳು ಯಾರ ಕತೆಯನ್ನು ಹಳಸಲೆಂದರೂ ಎಲ್ಲರೂ ‘ಆಗಲಿ ತಾಯಿ’ ಎನ್ನುತ್ತಾರೆ. ಹೂವಯ್ಯ ಮೇಷ್ಟ್ರಿಗೆ ಕೇಡು ಬಗೆಯುವ ಮನಸ್ಸೇ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಕಣ್ಣೀರು ತುಂಬಿಕೊಂಡೇ ಬರೆದಿರುತ್ತಾರೆ, ಪಾಪ.

ಅಡಿಗೆಮನೆಯಿಂದ ಸರೋಜ ಬಂದು ಊಟಕ್ಕೆ ಕರೆದಳು. ಇವಳು ಕೈಯಾಡಿಸಿ, ಆಮೇಲೆ ಬರುತ್ತೇನೆಂದು ಕಳಿಸಿದಳು. ಕೆಂಪು ಪೆನ್ಸಿಲು ಕೆತ್ತಿ ಚೂಪು ಮಾಡಿದಳು. ಮೊದಲು ಏಳನೇ ಅಧ್ಯಾಯದ ಅಂಚಿನಲ್ಲಿ ‘ಚೆನ್ನಾಗಿದೆ’ ಎಂದು ಬರೆದಳು, ಒಳ್ಳೆಯದನ್ನು ಮೊದಲು ಹೇಳಬೇಕು ಎಂಬುದು ಅವಳ ನಿಯಮ. ಆಮೇಲೆ ಅರ್ಪಣೆಯ ಪುಟಕ್ಕೆ ಬಂದು ‘ನಿಶ್ಶಬ್ದ’ ಹೊಡೆದಳು, ‘ಮೌನವಾಗಿ’ ಹೊಡೆದಳು, ‘ನಗುತ್ತಲೇ’ ಹೊಡೆದಳು, ‘ನಿರ್ಮಲೆ’ಯ ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿ ಅದನ್ನೂ ಹೊಡೆದಳು. ‘ಪಾದಗಳಿಗೆ’ ಎಂಬುದನ್ನು ಹೊಡೆಯುವಾಗ ಪೆನ್ಸಿಲಿನ ಮೊನೆ ಮುರಿಯಿತು, ಮತ್ತೆ ಕೆತ್ತಿದಳು. ‘ಸೋದರಿ’ಯನ್ನೂ ಮಿಕ್ಕದ್ದನ್ನೂ ಹೊಡೆದ ಮೇಲೆ ಕೊನೆಗೆ ಆ ಪುಟದಲ್ಲಿ ಉಳಿದದ್ದು ‘ಸಾಗರದ ಶರಾವತಿ’ ಎಂಬಷ್ಟೇ. ಅದರ ಪಕ್ಕದಲ್ಲಿ, ಮರುಮುದ್ರಣಕ್ಕೆ ಹೀಗಿರಲಿ ಎಂದು, ತನ್ನ ಅಕ್ಷರದಲ್ಲಿ ಪೂರ್ತಿ ಮಾಡಿದಳು:

‘ಸಾಗರದ ಶರಾವತಿಯವರಿಗೆ, ಹನ್ನೊಂದು ವರ್ಷ ಜಗಳವಾಡಿದ್ದಕ್ಕೆ.’

ಪುಸ್ತಕವನ್ನು ಕಾಗದದಲ್ಲಿ ಸುತ್ತಿ, ಮೇಳಿಗೆಯ ವಿಳಾಸವನ್ನು ಬರೆದು, ಅಂಟು ಒಣಗುವವರೆಗೆ ಅದರ ಮೇಲೆ ಕೈ ಇಟ್ಟುಕೊಂಡು ಕೂತಳು. ಅವರಿಗೆ ಸಿಟ್ಟು ಬರಲಿ ಎಂದು ದೇವರನ್ನು ಬೇಡಿಕೊಂಡಳು.